ಎರಡು ಟಿಬಿ ಎನ್ನುವ ಪೆನ್‌ಡ್ರೈವಿನಲ್ಲಿ ನಿಜಕ್ಕೂ ಇರುವ ಜಾಗವೆಷ್ಟು?

ಪ್ರಶ್ನೆ: ಆನ್‌ಲೈನ್‌ನಲ್ಲಿ 599 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ತರಿಸಿದೆ. ಕಂಪ್ಯೂಟರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ತಂಗಿಯ ಮದುವೆಯ ಫೋಟೊ, ವಿಡಿಯೊ ಸೇರಿ 70 ಜಿಬಿಯಷ್ಟು ಹಾಕಿದೆ. ಹಾಕಿದ ದಿನ ಕೊನೆಯ ಒಂದೆರಡು ಫೋಟೊ ತೆರೆದು ನೋಡಿದ್ದೆ, ಸರಿಯಾಗಿಯೇ ಇದ್ದವು. ಈಗ ಚಪ್ಪರ, ಮುಹೂರ್ತದ ಫೋಲ್ಡರುಗಳು ತೆರೆಯುತ್ತವೆ, ಆರತಕ್ಷತೆಯದು ಒಂದೂ ತೆರೆಯುವುದಿಲ್ಲ. ಫೈಲಿನ ಹೆಸರು, ಗಾತ್ರ ಎಲ್ಲ ಸರಿ ಇದೆ. ಫಾರ್ಮ್ಯಾಟ್ ಮಾಡಿ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಸಿಕ್ಕೀತೇ?

ಉತ್ತರ: ಫಾರ್ಮ್ಯಾಟ್ ಮಾಡಬೇಡಿ, ಆ ಡ್ರೈವಿಗೆ ಇನ್ನು ಒಂದು ಫೈಲನ್ನೂ ಬರೆಯಬೇಡಿ. ತೆರೆಯುತ್ತಿರುವ ಫೋಲ್ಡರುಗಳನ್ನು ಈಗಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ ಮತ್ತು ನಕಲಿನ ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ತೆರೆದು ನೋಡಿ. ಪುಟ್ಟ ಥಂಬ್‌ನೇಲ್ ಕಂಡಿತೆಂದು ಸುಮ್ಮನಾಗಬಾರದು, ಏಕೆಂದರೆ ಅದು ಫೋಟೊ ಫೈಲಿನ ಆರಂಭದಲ್ಲೇ ಅಡಕವಾಗಿರುತ್ತದೆ; ಉಳಿದ ಭಾಗ ಹಾಳಾಗಿದ್ದರೂ ಅದು ಚೆನ್ನಾಗಿ ಕಾಣಿಸಬಹುದು. ಆರತಕ್ಷತೆಯ ಫೋಟೊಗಳ ವಿಷಯದಲ್ಲಿ ಮಾತ್ರ ಕಹಿಯಾದ ಮಾತನ್ನೇ ಹೇಳಬೇಕಾಗಿದೆ: ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಅವು ಆ ಡ್ರೈವಿನ ಚಿಪ್ಪಿನಲ್ಲಿ ಒಂದು ಕ್ಷಣವೂ ಇರಲಿಲ್ಲ. ಬರೆದು ಅಳಿಸಿಹೋದದ್ದನ್ನು ರಿಕವರಿ ಸಾಫ್ಟ್‌ವೇರ್ ಹುಡುಕಿ ತೆಗೆಯಬಲ್ಲದು, ಬರೆದೇ ಇಲ್ಲದ್ದನ್ನು ತೆಗೆಯಲಾರದು. ಅದಕ್ಕೆಂದು ಯಾರಿಗೂ ಹಣ ಕೊಡಬೇಡಿ. ಹುಡುಕಬೇಕಾದ ಜಾಗ ಮೂಲದಲ್ಲಿದೆ. ಕ್ಯಾಮೆರಾದ ಕಾರ್ಡನ್ನು ಆಮೇಲೆ ಬಳಸಿಲ್ಲವಾದರೆ, ಅಥವಾ ಸ್ವಲ್ಪವೇ ಬಳಸಿದ್ದರೆ, ಅದನ್ನು ಹೊರತೆಗೆದಿಟ್ಟು ರಿಕವರಿ ಪ್ರಯತ್ನವನ್ನು ಆ ಕಾರ್ಡಿನ ಮೇಲೆ ಮಾಡಿ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಿಂದ ಅಳಿಸಿದ್ದರೆ ಆಸೆ ಕಡಿಮೆ, ಏಕೆಂದರೆ ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಬೇಗ ಖಾಲಿ ಮಾಡಿಬಿಡುತ್ತದೆ. ರೀಸೈಕಲ್ ಬಿನ್ ಒಮ್ಮೆ ನೋಡಿ.

ಪೆನ್‌ಡ್ರೈವಿನೊಳಗೆ ಮುಖ್ಯವಾಗಿ ಎರಡು ಚಿಪ್ಪುಗಳಿರುತ್ತವೆ. ದತ್ತಾಂಶವನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿ ಚಿಪ್ ಒಂದು, ಅದಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ವ್ಯವಹರಿಸುವ ಕಂಟ್ರೋಲರ್ ಇನ್ನೊಂದು. ಡ್ರೈವ್ ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ‘ದತ್ತಾಂಶ ಇಡುವ ಪುಟ್ಟ ಖಾನೆಗಳು, ಅಂದರೆ ಸೆಕ್ಟರುಗಳು, ನಿನ್ನಲ್ಲಿ ಎಷ್ಟಿವೆ’ ಎಂದು ಕಂಟ್ರೋಲರನ್ನು ಕೇಳುತ್ತದೆ ಮತ್ತು ಬಂದ ಉತ್ತರವನ್ನು ಹಾಗೆಯೇ ನಂಬುತ್ತದೆ. ಅಳೆದು ನೋಡುವ ವ್ಯವಸ್ಥೆ ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದರಲ್ಲೂ ಇಲ್ಲ. ಆ ಉತ್ತರ ಕಂಟ್ರೋಲರಿನ ಫರ್ಮ್‌ವೇರಿನಲ್ಲಿ ಬರೆದಿಟ್ಟ ಒಂದು ಸಂಖ್ಯೆಯಷ್ಟೆ. ಕಾರ್ಖಾನೆಯಲ್ಲಿ ಡ್ರೈವನ್ನು ಸಿದ್ಧಪಡಿಸುವ ತಂತ್ರಾಂಶದಿಂದಲೇ ಅದನ್ನು ಬದಲಾಯಿಸಬಹುದಾದ್ದರಿಂದ, 32 ಜಿಬಿ ಚಿಪ್ ಹಾಕಿ 2 ಟಿಬಿ ಎಂದು ಹೇಳಿಸುವುದು ವಂಚಕನಿಗೆ ಕಷ್ಟದ ಕೆಲಸವಲ್ಲ. ಫೈಲುಗಳ ಹೆಸರು, ಗಾತ್ರ, ತಾರೀಖು ಇರುವ ಪಟ್ಟಿಯು ಪುಸ್ತಕದ ಪರಿವಿಡಿಯಂತೆ ಸಾಮಾನ್ಯವಾಗಿ ಡ್ರೈವಿನ ಆರಂಭದ ಭಾಗದಲ್ಲಿ, ಅಂದರೆ ನಿಜವಾಗಿಯೂ ಇರುವ ಜಾಗದಲ್ಲಿ, ಬೀಳುತ್ತದೆ. ಪರಿವಿಡಿ ಭದ್ರವಾಗಿದೆ, ಒಳಗಿನ ಪುಟಗಳಿಲ್ಲ. ನಿಮ್ಮ ಆರತಕ್ಷತೆಯ ಫೈಲುಗಳಿಗೆ ಹೆಸರೂ ಗಾತ್ರವೂ ಸರಿಯಾಗಿ ಕಾಣುತ್ತಿರುವುದು ಇದರಿಂದಲೇ. ಕ್ವಿಕ್ ಫಾರ್ಮ್ಯಾಟ್ ಕೂಡ ಈ ಆರಂಭದ ಭಾಗವನ್ನು ಮಾತ್ರ ಬರೆಯುವುದರಿಂದ ನಕಲಿ ಡ್ರೈವಿನಲ್ಲೂ ತಕರಾರಿಲ್ಲದೆ ಮುಗಿಯುತ್ತದೆ.

ಜಾಗ ಮುಗಿದ ಮೇಲೆ ಬಂದದ್ದನ್ನು ಕಂಟ್ರೋಲರ್ ಏನು ಮಾಡುತ್ತದೆ ಎಂಬುದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು ಬಗೆಯದು ‘ಬರೆದೆ’ ಎಂದು ಹೇಳಿ ಎಲ್ಲವನ್ನೂ ಎಸೆದುಬಿಡುತ್ತದೆ; ಮೊದಲು ಹಾಕಿದ್ದು ಉಳಿಯುತ್ತದೆ, ಆಮೇಲಿನದು ಸೊನ್ನೆಗಳಾಗಿ ಮರಳುತ್ತದೆ. ಇನ್ನೊಂದು ಬಗೆಯದು ಮತ್ತೆ ಮೊದಲಿನಿಂದ ಬರೆಯಲು ತೊಡಗುತ್ತದೆ. ಆಗ ಹೊಸದು ಹಳೆಯದರ ಮೇಲೆ ಬಿದ್ದು, ಪರಿವಿಡಿಯೂ ಅಳಿಸಿ, ನಿನ್ನೆಯವರೆಗೆ ಸರಿಯಿದ್ದ ಡ್ರೈವ್ ಇದ್ದಕ್ಕಿದ್ದಂತೆ ‘ಫಾರ್ಮ್ಯಾಟ್ ಮಾಡಿ’ ಎಂದು ಕೇಳುತ್ತದೆ. ಮುಹೂರ್ತದ ಫೋಟೊಗಳು ಉಳಿದಿರುವುದನ್ನು ನೋಡಿದರೆ ನಿಮ್ಮದು ಮೊದಲನೆಯ ಬಗೆ. ಅಷ್ಟರ ಮಟ್ಟಿಗೆ ಅದೃಷ್ಟ. ಹಾಕಿದ ದಿನ ಕೊನೆಯ ಫೋಟೊಗಳು ತೆರೆದವಲ್ಲ, ಅವನ್ನು ಕಂಪ್ಯೂಟರ್ ತೋರಿಸಿದ್ದು ಡ್ರೈವಿನಿಂದ ಅಲ್ಲ, ಆಗಷ್ಟೇ ನಕಲಾಗಿ ತನ್ನ ರ‍್ಯಾಮಿನಲ್ಲಿ ಇನ್ನೂ ಉಳಿದಿದ್ದ ಪ್ರತಿಯಿಂದ. ಡ್ರೈವನ್ನು ತೆಗೆದು ಮತ್ತೆ ಸಿಕ್ಕಿಸದೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ಇನ್ನು ನಿಜವಾದ ಗಾತ್ರವನ್ನು ಅಳೆಯುವ ಬಗೆ. ತತ್ವ ಸರಳವಾಗಿದೆ: ಡ್ರೈವ್ ತುಂಬುವಷ್ಟು ಗುರುತಿರುವ ದತ್ತಾಂಶವನ್ನು ಬರೆದು, ಆಮೇಲೆ ಎಲ್ಲವನ್ನೂ ಓದಿ ತಾಳೆ ನೋಡುವುದು. ವಿಂಡೋಸಿನಲ್ಲಿ ಇದಕ್ಕೆ ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಉಚಿತ ತಂತ್ರಾಂಶ H2testw. ಇದು ತಲಾ ಒಂದು ಜಿಬಿಯ 1.h2w, 2.h2w ಎಂಬ ಫೈಲುಗಳನ್ನು ಬರೆಯುತ್ತದೆ, ಮತ್ತು ಪ್ರತಿ ಸೆಕ್ಟರಿನಲ್ಲೂ ಅದರ ಸ್ಥಾನವನ್ನು ಮನೆಯ ನಂಬರಿನಂತೆ ನಮೂದಿಸುತ್ತದೆ. ಓದುವಾಗ ಒಂದು ಮನೆಯಲ್ಲಿ ಇನ್ನೊಂದರ ನಂಬರು ಸಿಕ್ಕರೆ, ಅಥವಾ ನಂಬರೇ ಇಲ್ಲದಿದ್ದರೆ, ಮೋಸ ಹೊರಬೀಳುತ್ತದೆ.

ಹಿಂದೊಮ್ಮೆ ಪರಿಚಿತರೊಬ್ಬರು ತಂದುಕೊಟ್ಟ, ನಿಮ್ಮದರಂತೆಯೇ 2 ಟಿಬಿ ಎನ್ನುವ ಡ್ರೈವನ್ನು ನಾನು ಹೀಗೆಯೇ ಪರೀಕ್ಷಿಸಿದ್ದೆ. ಅದರ ಬರೆಯುವ ವೇಗ ಸೆಕೆಂಡಿಗೆ 6 ಎಂಬಿಯ ಆಸುಪಾಸಿನಲ್ಲಿತ್ತು. ಆ ವೇಗದಲ್ಲಿ ಪೂರ್ತಿ 2 ಟಿಬಿ ಬರೆಯಲು ಮೂರೂವರೆ ದಿನಕ್ಕಿಂತ ಹೆಚ್ಚು ಬೇಕು. ಖೋಟಾ ಡ್ರೈವುಗಳಲ್ಲಿ ನಿಜವಾದ ಜಾಗ ಹೇಳಿದ್ದಕ್ಕಿಂತ ತೀರಾ ಕಡಿಮೆಯಿರುವುದರಿಂದ ಅಷ್ಟು ಕಾಯುವ ಅಗತ್ಯ ಬೀಳಲಿಲ್ಲ. ಡ್ರೈವನ್ನು ಖಾಲಿ ಮಾಡಿ, ತಂತ್ರಾಂಶದಲ್ಲಿ English ಆರಿಸಿ, Select target ಒತ್ತಿ ಡ್ರೈವಿನ ಅಕ್ಷರವನ್ನು ತೋರಿಸಿ, ಗಾತ್ರದ ಜಾಗದಲ್ಲಿ 64000 ಎಂದು ತುಂಬಿ Write + Verify ಒತ್ತಿದೆ. ಬರೆಯಲು ಸುಮಾರು ಮೂರು ಗಂಟೆ ಹಿಡಿಯಿತು. ಬರೆಯುವ ಹಂತದಲ್ಲಿ ಒಂದೇ ಒಂದು ದೋಷವೂ ಕಾಣಲಿಲ್ಲ ಎಂಬುದನ್ನು ಗಮನಿಸಿ. ಸುಳ್ಳು ಹೇಳುವುದೇ ಕಂಟ್ರೋಲರಿನ ಕೆಲಸವಾದ್ದರಿಂದ ಕಾಣುವುದೂ ಇಲ್ಲ. ಓದಿ ಮುಗಿದ ಮೇಲೆ ಬಂದ ಫಲಿತಾಂಶದ ಮುಖ್ಯ ಸಾಲುಗಳು ಹೀಗಿದ್ದವು:

```
The media is likely to be defective.
29.1 GByte OK
33.4 GByte DATA LOST
First error at offset: 0x0000000746600000
Expected: 0x0000000746600000
Found: 0x0000000000000000
```

ಎರಡನೆಯ ಸಾಲೇ ಡ್ರೈವಿನ ನಿಜವಾದ ಗಾತ್ರ: 29.1, ಅಂದರೆ ಮಾರುಕಟ್ಟೆಯ ಲೆಕ್ಕದ 32 ಜಿಬಿ. ಕೊನೆಯ ಎರಡು ಸಾಲುಗಳಲ್ಲಿ ಇರಬೇಕಾದ ನಂಬರಿನ ಬದಲು ಬರಿಯ ಸೊನ್ನೆಗಳು ಸಿಕ್ಕಿವೆ, ಎಂದರೆ ಬಂದದ್ದನ್ನು ಎಸೆಯುವ ಬಗೆಯದು. ಮೊದಲಿನಿಂದ ಮತ್ತೆ ಬರೆಯುವ ಬಗೆಯದಾಗಿದ್ದರೆ ಅಲ್ಲಿ ಬೇರೊಂದು ಸ್ಥಾನದ ನಂಬರು ಕಾಣುತ್ತಿತ್ತು ಮತ್ತು ವಿವರದಲ್ಲಿ overwritten ಎಂಬ ಲೆಕ್ಕ ಬರುತ್ತಿತ್ತು. ಆ ಡ್ರೈವಿನ ಕವಚವನ್ನು ಕುತೂಹಲಕ್ಕೆ ಬಿಡಿಸಿ ನೋಡಿದಾಗ ಒಳಗೆ ಮೊಬೈಲಿಗೆ ಹಾಕುವ ಮೈಕ್ರೊಎಸ್‌ಡಿ ಕಾರ್ಡನ್ನೇ ಅಂಟಿಸಿ ಕೂರಿಸಿದ್ದರು.

ಹೀಗೆ ಅರೆಬರೆ ಬರೆದು ಮಾಡುವ ಪರೀಕ್ಷೆಗೆ ಒಂದು ಮಿತಿಯಿದೆ. ದೋಷ ಸಿಕ್ಕರೆ ಡ್ರೈವ್ ಖೋಟಾ ಅಥವಾ ಹಾಳಾದದ್ದು ಎಂಬುದು ಖಚಿತ. ಸಿಗದಿದ್ದರೆ ಅಷ್ಟು ಜಾಗ ಇದೆಯೆಂದು ಮಾತ್ರ ತಿಳಿಯುತ್ತದೆ, ಉಳಿದದ್ದರ ಬಗ್ಗೆ ಏನೂ ತಿಳಿಯುವುದಿಲ್ಲ. ಒಳಗೆ 128 ಜಿಬಿ ಚಿಪ್ ಇರುವ ಖೋಟಾ ಡ್ರೈವ್ 64000ರ ಪರೀಕ್ಷೆಯನ್ನು ನಿರಾಯಾಸವಾಗಿ ದಾಟುತ್ತದೆ. ಆದ್ದರಿಂದ ಬೇಕಾದ ದತ್ತಾಂಶ ಇಡುವ ಡ್ರೈವನ್ನು, ಎಷ್ಟೇ ಗಂಟೆಯಾಗಲಿ, ರಾತ್ರಿಯಿಡೀ ಬಿಟ್ಟಾದರೂ ಒಮ್ಮೆ ಪೂರ್ತಿ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ. ಬರೆದಾದ ಮೇಲೆ ಡ್ರೈವನ್ನು ತೆಗೆದು ಮತ್ತೆ ಸಿಕ್ಕಿಸಿ Verify ಮಾತ್ರ ಇನ್ನೊಮ್ಮೆ ಒತ್ತಿದರೆ ರ‍್ಯಾಮಿನ ಪ್ರತಿಯ ಅನುಮಾನವೂ ಉಳಿಯುವುದಿಲ್ಲ. ಪರೀಕ್ಷೆ ಮುಗಿದ ಮೇಲೂ .h2w ಫೈಲುಗಳು ಡ್ರೈವಿನಲ್ಲೇ ಉಳಿಯುತ್ತವೆ, ಅವನ್ನು ನೀವೇ ಅಳಿಸಬೇಕು.

ಲಿನಕ್ಸ್ ಬಳಸುವವರಿಗೆ ಇದೇ ಕೆಲಸಕ್ಕೆ F3 ಇದೆ. ಮೊದಲನೆಯ ಆಜ್ಞೆ ಸ್ಥಾಪಿಸುತ್ತದೆ, ಎರಡನೆಯದು ಬರೆಯುತ್ತದೆ, ಮೂರನೆಯದು ಓದಿ ತಾಳೆ ನೋಡುತ್ತದೆ. ಡ್ರೈವಿನ ದಾರಿಯನ್ನು ನಿಮ್ಮ ಕಂಪ್ಯೂಟರಿನಲ್ಲಿ ಇರುವಂತೆ ಬದಲಿಸಿಕೊಳ್ಳಬೇಕು. ಮ್ಯಾಕ್‌ನಲ್ಲಿ ಇದನ್ನು ಹೋಮ್‌ಬ್ರೂ ಮೂಲಕ ಸ್ಥಾಪಿಸಿಕೊಳ್ಳಬಹುದು.

```
sudo apt install f3
f3write /media/user/PENDRIVE
f3read /media/user/PENDRIVE
```

ಕೊನೆಯಲ್ಲಿ Data LOST ಎಂಬ ಸಾಲಿನೆದುರು ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಡ್ರೈವ್ ನಂಬಲು ತಕ್ಕದ್ದಲ್ಲ. ಇದರ ಜೊತೆಗೇ ಬರುವ f3probe ನಿಮಿಷಗಳಲ್ಲಿ ಉತ್ತರ ಕೊಡುತ್ತದೆ, ಆದರೆ ಅದು ಡ್ರೈವಿನ ಮೇಲೆ ನೇರವಾಗಿ ಬರೆಯುವುದರಿಂದ ಹೆಸರು ತಪ್ಪಿ ಕಂಪ್ಯೂಟರಿನ ಸ್ವಂತ ಡಿಸ್ಕನ್ನು ಕೊಟ್ಟರೆ ಅನಾಹುತವಾದೀತು. ವಿಂಡೋಸಿನ ValiDrive ಕೂಡ ಡ್ರೈವಿನ ಉದ್ದಕ್ಕೂ 576 ಕಡೆ ಬರೆದು ಓದಿ ಬೇಗ ತೀರ್ಮಾನ ಹೇಳುತ್ತದೆ. ಅಂಗಡಿಯಿಂದ ತಂದ ಡ್ರೈವನ್ನು ಮೊದಲ ನೋಟಕ್ಕೆ ಪರೀಕ್ಷಿಸಲು ಅದು ಸಾಕು. ಇವುಗಳಲ್ಲಿ ಯಾವುದನ್ನೂ ಬೇಕಾದ ಫೈಲುಗಳಿರುವ ಡ್ರೈವಿನ ಮೇಲೆ ನಡೆಸಬೇಡಿ. ನಿಮ್ಮ ಡ್ರೈವನ್ನೂ ಉಳಿದ ಫೋಟೊಗಳನ್ನು ಹೊರತೆಗೆದು, ತೆರೆದು ನೋಡಿದ ಮೇಲಷ್ಟೇ ಪರೀಕ್ಷೆಗೆ ಹಚ್ಚಿ.

ಹಾಗೆಂದು ಗಾತ್ರ ಕಡಿಮೆ ಕಂಡದ್ದೆಲ್ಲ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಪ್ರಾಮಾಣಿಕವಾದ 64 ಜಿಬಿ ಡ್ರೈವ್ 59.6 ಎಂದು, 2 ಟಿಬಿಯದು 1.81 ಎಂದು ಕಾಣುತ್ತದೆ.

ನಿಮ್ಮ ಡ್ರೈವ್ ವಾಪಸು ಮಾಡುವ ಗಡುವು ಇನ್ನೂ ಇದ್ದರೆ ಫಲಿತಾಂಶದ ಚಿತ್ರ ತೆಗೆದಿಟ್ಟು, ‘ಡ್ರೈವ್ ಕೆಟ್ಟಿದೆ’ ಎಂದು ಬರೆಯದೆ ‘2 ಟಿಬಿ ಎಂದು ಮಾರಿದ ವಸ್ತುವಿನಲ್ಲಿ ಇಷ್ಟೇ ಜಾಗವಿದೆ’ ಎಂದು ಅಂಕಿ ಸಮೇತ ಬರೆಯಿರಿ. ಕೆಟ್ಟಿದೆ ಎಂದರೆ ಅಂಥದ್ದೇ ಇನ್ನೊಂದನ್ನು ಕಳಿಸಿ ಕೈತೊಳೆದುಕೊಳ್ಳುವ ಸಾಧ್ಯತೆ ಇದೆ. ಗಡುವು ಮುಗಿದಿದ್ದರೆ, ನಿಜವಾದ ಜಾಗಕ್ಕಿಂತ ತುಸು ಚಿಕ್ಕದಾದ ಒಂದೇ ಪಾರ್ಟಿಷನ್ ಮಾಡಿ ಕಾರಿನಲ್ಲಿ ಹಾಡು ಕೇಳಲು ಇಟ್ಟುಕೊಳ್ಳಬಹುದು. ಆದರೆ ಮನೆಯ ಇನ್ಯಾರೋ ಅದನ್ನು ಟಿವಿಯಲ್ಲೋ ಫೋನಿನಲ್ಲೋ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಅದು ಮತ್ತೆ 2 ಟಿಬಿಯಾಗಿ ಕುಳಿತುಬಿಡುತ್ತದೆ. ಮೇಲೆ ಅಳಿಸಲಾಗದ ಮಸಿಯಲ್ಲಿ ನಿಜವಾದ ಗಾತ್ರವನ್ನು ಬರೆದಿಡಿ.