ಶಾಲೆಯ ಕಣ್ಣಿನ ಪರೀಕ್ಷೆ ದಾಟಿದ ಮಗುವಿಗೆ ತಲೆನೋವೇಕೆ?

ಡೊಂಬಿವಲಿಯಲ್ಲಿದ್ದೇವೆ. ಎಂಟು ವರ್ಷದ ಮಗಳಿಗೆ ಹೋಂವರ್ಕ್ ಹೊತ್ತಿಗೆ ಹಣೆ ನೋವು. ಶಾಲೆಯಲ್ಲಿ ಕಣ್ಣು ಸರಿಯಿದೆ ಎಂದರು. ಆದರೂ ಕಣ್ಣೇ ಕಾರಣವಿರಬಹುದೇ?

ಖಂಡಿತ ಇರಬಹುದು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿದ ಮಾತ್ರಕ್ಕೆ ಪ್ಲಸ್ ನಂಬರ್ ಇಲ್ಲವೆಂದಲ್ಲ. ಮಕ್ಕಳು ಕಣ್ಣೊಳಗಿನ ಸ್ನಾಯುವನ್ನು ಬಿಗಿದು ಆ ದೋಷವನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ಪುಸ್ತಕ ಹತ್ತಿರ ಬಂದರೆ ಇನ್ನಷ್ಟು ಬಿಗಿಯಬೇಕು. ದಣಿವು ಹುಬ್ಬಿನ ಸುತ್ತ ನೋವಾಗುತ್ತದೆ.

ಗಮನಿಸಿ ನೋಡಿ: ಮರಾಠಿ ಪಾಠ ಓದುತ್ತ ಸಾಲು ತಪ್ಪಿ ಬೆರಳಿಡುತ್ತಾಳೆಯೇ, ಕಣ್ಣುಜ್ಜುತ್ತಾಳೆಯೇ, ಆಟದ ಭಾನುವಾರ ನೋವಿಲ್ಲವೇ? ಹಾಗಿದ್ದರೆ ಕಣ್ಣಿನ ವೈದ್ಯರಲ್ಲಿ ಹನಿ ಹಾಕಿಸಿ ಪರೀಕ್ಷೆ ಮಾಡಿಸಿ. ಹನಿ ಆ ಸ್ನಾಯುವನ್ನು ಸಡಿಲಿಸುವುದರಿಂದ ಅಡಗಿದ್ದ ನಂಬರ್ ಹೊರಬರುತ್ತದೆ. ಒಂದೆರಡು ದಿನ ಹತ್ತಿರದ್ದು ಮಸುಕಾಗಬಹುದು, ಆದ್ದರಿಂದ ಶನಿವಾರ ಒಳ್ಳೆಯದು.

ಬೆಳಗ್ಗೆ ಏಳುವಾಗಲೇ ನೋವು, ಜೊತೆಗೆ ವಾಂತಿ ಇದ್ದರೆ ಮಾತ್ರ ಕನ್ನಡಕಕ್ಕೆ ಕಾಯದೆ ತಕ್ಷಣ ಮಕ್ಕಳ ವೈದ್ಯರಿಗೆ ತೋರಿಸಿ.