ಹೃದಯದ ಬಲಭಾಗಕ್ಕೆ ಒತ್ತಡ ಇದ್ದರೂ ಹೆಪ್ಪು ಕರಗಿಸುವ ಇಂಜೆಕ್ಷನ್ ಯಾಕೆ ಕೊಡಲಿಲ್ಲ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಅಪ್ಪ ಅಡಿಕೆ ಮರದಿಂದ ಬಿದ್ದು, ಕಾಲಿಗೆ ಆಪರೇಷನ್ ಆಗಿ ಎರಡು ವಾರ. ಮೀನಖಂಡ ಊದಿತ್ತು, ನಿನ್ನೆ ಏಕಾಏಕಿ ದಮ್ಮು ಕಟ್ಟಿತು. ಸಿಟಿಯಲ್ಲಿ ಶ್ವಾಸಕೋಶದಲ್ಲಿ ಹೆಪ್ಪು, ಎಕೋದಲ್ಲಿ ಹೃದಯದ ಬಲಭಾಗಕ್ಕೆ ಒತ್ತಡ ಕಂಡಿದೆ. ಬಿಪಿ 118/76. ಬರೀ ಹೆಪರಿನ್ ಕೊಡ್ತಿದ್ದಾರೆ. ಸಾಕಾ?

ಉತ್ತರ: ಈ ಬಿಪಿ ಹೀಗೇ ಇರುವವರೆಗೆ ಅದೇ ಸರಿಯಾದ ಚಿಕಿತ್ಸೆ.

ಕಾಲಿನ ಆಳದ ರಕ್ತನಾಳದಿಂದ ಕಳಚಿದ ಹೆಪ್ಪು ಹೃದಯದ ಬಲಭಾಗದ ಮೂಲಕ ಹಾದು ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಲ ಹೃತ್ಕುಕ್ಷಿಯ ಗೋಡೆ ತೆಳು; ದಿಢೀರ್ ಒತ್ತಡ ತಾಳದೆ ಅದು ಹಿಗ್ಗಿ, ನಡುಗೋಡೆಯನ್ನು ಎಡಕ್ಕೆ ತಳ್ಳುತ್ತದೆ. ಎಕೋದಲ್ಲಿ ಕಂಡದ್ದು ಇದೇ. ಇದು ಹೆಚ್ಚಾದರೆ ಎಡಭಾಗಕ್ಕೆ ರಕ್ತ ತುಂಬದೆ ಬಿಪಿ ಕುಸಿಯುತ್ತದೆ.

ಮೇಲಿನ ಬಿಪಿ 90ಕ್ಕಿಂತ ಕೆಳಗೇ ನಿಂತರೆ ಮಾತ್ರ ಸಾಮಾನ್ಯವಾಗಿ ಆಲ್ಟಿಪ್ಲೇಸ್‌ನಂಥ ಕರಗಿಸುವ ಔಷಧಿ ಕೊಡುತ್ತಾರೆ. ಅದರಿಂದ ಮಿದುಳಿನಲ್ಲೂ ರಕ್ತಸ್ರಾವ ಆಗಬಹುದು. ನಿಮ್ಮ ಅಪ್ಪನಿಗಂತೂ ಆಪರೇಷನ್ ಗಾಯ ಇನ್ನೂ ಹಸಿ. ಹೆಪರಿನ್ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸ ದೇಹವೇ ನಿಧಾನಕ್ಕೆ ಮಾಡುತ್ತದೆ. ಮುಂದೆ ಕನಿಷ್ಠ 3 ತಿಂಗಳು, ಹೆಪ್ಪುಗಟ್ಟದಂತೆ ತಡೆಯುವ ಎಪಿಕ್ಸಬಾನ್ ತರಹದ ಮಾತ್ರೆ ಇರುತ್ತದೆ.

ಆದರೆ ಮೊದಲ ಎರಡು-ಮೂರು ದಿನ ಐಸಿಯು ನಿಗಾ ಬೇಕೇ ಬೇಕು. ನಾಡಿ ಏರುತ್ತಾ ಹೋದರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ, ಬಿಪಿ ಬೀಳುವ ಮೊದಲೇ ಹೇಳಿ. ಆಗ ಕ್ಯಾಥೆಟರ್‌ನಿಂದ ಹೆಪ್ಪು ಹೀರಿ ತೆಗೆಯುವ ದಾರಿಯೂ ಇದೆ, ಎಲ್ಲ ಕಡೆ ಅಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸಬೇಕಾದರೆ ಯಾವಾಗ, ಯಾವ ಆಂಬ್ಯುಲೆನ್ಸಿನಲ್ಲಿ ಅನ್ನೋದನ್ನು ಇವತ್ತೇ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ.