ಬಾಣಂತಿಯ ಕಾಲು ಊದಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ

*ಮಗಳಿಗೆ 36 ವರ್ಷ. ಹೆರಿಗೆ ನೋವು ಶುರುವಾದ ಮೇಲೆ ಅರ್ಜೆಂಟಾಗಿ ಸಿಸೇರಿಯನ್ ಮಾಡಿದರು. ಮನೆಗೆ ಕಳಿಸುವಾಗ ರಕ್ತ ತೆಳ್ಳಗೆ ಮಾಡುವ ಇಂಜೆಕ್ಷನ್ ಬರೆದಿದ್ದಾರೆ, ದಿನಕ್ಕೊಂದು, ಹೊಟ್ಟೆಗೆ, ಒಟ್ಟು ಹತ್ತು ದಿನ. ಮೊದಲೇ ರಕ್ತ ಹೋಗುತ್ತಿರುವ ಬಾಣಂತಿಗೆ ಇದು ಬೇಕಾ? ಹಾಲಿನಲ್ಲಿ ಮಗುವಿಗೆ ಹೋಗಲ್ವಾ? ಬಸಿರಾಗುವ ಮುಂಚೆ ಅವಳ ತೂಕ 74 ಕೆಜಿ, ಎತ್ತರ ಐದಡಿ ಒಂದಿಂಚು. ಬೇರೆ ಕಾಯಿಲೆ ಇಲ್ಲ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ನಿಲ್ಲಿಸೋಣ ಅಂತಿದ್ದೇವೆ.*
*— ಓದುಗರೊಬ್ಬರು, ತೀರ್ಥಹಳ್ಳಿ*

ನಿಲ್ಲಿಸಬೇಡಿ ತಾಯಿ. ಮಗಳ ತೂಕ, ಎತ್ತರ ಎಲ್ಲ ಬರೆದು ಕೇಳಿದ್ದೀರಿ, ಅದಕ್ಕೆ ಶಭಾಷ್. ಆ ವಿವರದಲ್ಲೇ ನಿಮ್ಮ ಉತ್ತರ ಇದೆ.

ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜು 2015ರಲ್ಲಿ ಬಸುರಿ, ಬಾಣಂತಿಯರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಎಷ್ಟು ಅಂತ ಅಳೆಯಲು ಒಂದು ಅಂಕಪಟ್ಟಿ ಕೊಟ್ಟಿದೆ. ಅದರ ಪ್ರಕಾರ ವಯಸ್ಸು 35 ದಾಟಿದ್ದಕ್ಕೆ ಒಂದು ಅಂಕ. ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, ಅಂದರೆ ಬಿಎಂಐ, ನಿಮ್ಮ ಮಗಳದ್ದು 30ರ ಮೇಲೆ ಬರುತ್ತದೆ, ಅದಕ್ಕೆ ಇನ್ನೊಂದು. ನೋವು ಶುರುವಾದ ಮೇಲಿನ ಸಿಸೇರಿಯನ್‌ಗೆ ಎರಡು. ಒಟ್ಟು ನಾಲ್ಕು. ಹೆರಿಗೆಯ ನಂತರ ಎರಡು ಅಂಕ ಬಂದರೇ ಕನಿಷ್ಠ ಹತ್ತು ದಿನ ಹೆಪಾರಿನ್, ಅಂದರೆ ಈ ರಕ್ತ ತೆಳ್ಳಗೆ ಮಾಡುವ ಇಂಜೆಕ್ಷನ್, ಯೋಚಿಸಿ ಅನ್ನುತ್ತದೆ ಆ ಪಟ್ಟಿ. ನಿಮ್ಮ ವೈದ್ಯರು ಸುಮ್ನೆ ಬರೆದಿಲ್ಲ.

ಕಾರಣ ಇಷ್ಟು. ಹೆರಿಗೆಯಲ್ಲಿ ರಕ್ತ ಹರಿದು ಹೋಗದಿರಲಿ ಅಂತ ಬಸುರಿಯ ರಕ್ತ ಮೊದಲಿಗಿಂತ ಬೇಗ ಹೆಪ್ಪುಗಟ್ಟುವ ಹಾಗೆ ಬದಲಾಗಿರುತ್ತದೆ. ಹೆರಿಗೆ ಆದ ಕೂಡಲೇ ಅದು ಸರಿಹೋಗಲ್ಲ, ಸುಮಾರು ಆರು ವಾರ ಹಿಡಿಯುತ್ತದೆ. ಅದರಲ್ಲೂ ಮೊದಲ ವಾರಗಳಲ್ಲೇ ಅಪಾಯ ಜಾಸ್ತಿ. ಕಾಲಿನ ಒಳನರದಲ್ಲಿ ಗೆಡ್ಡೆಯಾದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಹೆಪಾರಿನ್ ರಕ್ತವನ್ನು ನೀರಾಗಿ ಮಾಡಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಅಷ್ಟೇ. ಹಾಲಿಗೆ ಹೋಗುವುದು ತೀರಾ ಕಡಿಮೆ, ಹೋದದ್ದೂ ಮಗುವಿನ ಹೊಟ್ಟೆಯಲ್ಲಿ ಹೀರಿಕೊಳ್ಳಲ್ಲ. ಬಸುರಿಯಲ್ಲೂ ಇದನ್ನೇ ಆರಿಸುವುದು ಇದು ಮಾಸು ದಾಟಿ ಮಗುವನ್ನು ಮುಟ್ಟಲ್ಲ ಅಂತ. ಇದೇ ಕೆಲಸಕ್ಕೆ ಕೊಡುವ ವಾರ್ಫರಿನ್ ಮಾತ್ರೆ ದಾಟುತ್ತದೆ.

ರಕ್ತಸ್ರಾವದ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಪ್ಯಾಡ್ ಗಂಟೆಗೊಂದು ತೊಯ್ಯುತ್ತಿದ್ದರೆ ಅಥವಾ ಹೊಲಿಗೆಯಿಂದ ರಕ್ತ ಬರುತ್ತಿದ್ದರೆ ಮುಂದಿನ ಡೋಸ್‌ಗೆ ಮೊದಲೇ ಆಸ್ಪತ್ರೆಗೆ ಹೋಗಿ. ನೀವಾಗಿಯೇ ನಿಲ್ಲಿಸುವುದು ಬೇರೆ ಮಾತು.

ಈಗ ನನಗೆ ಸಿಟ್ಟು ಬರುವ ವಿಷಯ. ನಮ್ಮ ಬಾಣಂತನದಲ್ಲಿ ಒಳ್ಳೆಯದೂ ಇದೆ. ವಿಶ್ರಾಂತಿ ಕೊಡುತ್ತೇವೆ, ಅಡುಗೆಮನೆಗೆ ಬಿಡಲ್ಲ. ಆದರೆ ಹೊಟ್ಟೆ ಬರುತ್ತದೆ ಅಂತ ನೀರು ಕೊಡದೆ, ನಡೆಯಲೂ ಬಿಡದೆ ಮಲಗಿಸುವುದು ಯಾವ ಬಾಣಂತನ? ಮೈಯಲ್ಲಿ ನೀರು ಕಡಿಮೆಯಾಗುವುದಕ್ಕೂ, ಓಡಾಟ ಇಲ್ಲದಿರುವುದಕ್ಕೂ ಆ ಪಟ್ಟಿಯಲ್ಲಿ ಅಂಕ ಇದೆ! ಬಾಣಂತಿಯರ ಮಿದುಳಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಬರೆಯುತ್ತಿದ್ದಾರೆ. ಬಿಡದ ತಲೆನೋವು, ಫಿಟ್ಸ್, ಒಂದು ಕೈಯೋ ಕಾಲೋ ಸ್ವಾಧೀನ ತಪ್ಪುವುದು ಅದರ ಗುರುತು. ಅದನ್ನೂ ನಾವು "ಗಾಳಿ" ಅಂದು ದೃಷ್ಟಿ ತೆಗೆದು ಕೂರುತ್ತೇವೆ.

ನಮ್ಮ ಬಂಧುಗಳ ಮನೆಯಲ್ಲೇ ಆಯಿತು. ಸಿಸೇರಿಯನ್ ಆಗಿ ಎರಡನೇ ವಾರ, ಹುಡುಗಿಗೆ ಎಡ ತೊಡೆಸಂದಿಯಲ್ಲಿ ನೋವು. ಉಳುಕಿರಬೇಕು ಅಂತ ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿದರು. ಮಾರನೇ ದಿನ ಎಡಗಾಲು ಪೂರ್ತಿ ಊದಿ ಕೆಂಪಗಾಯಿತು. ಆಸ್ಪತ್ರೆಯಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿದರೆ ಸೊಂಟದ ದೊಡ್ಡ ನರದಲ್ಲೇ ಹೆಪ್ಪು. ಪುಣ್ಯಕ್ಕೆ ಉಳಿದಳು. ಬಸುರಿ, ಬಾಣಂತಿಯರಲ್ಲಿ ಇದು ಬಹುಪಾಲು ಎಡಗಾಲಿಗೇ ಬರುತ್ತದೆ, ಯಾಕೆಂದರೆ ಸೊಂಟದಲ್ಲಿ ಒಂದು ದೊಡ್ಡ ರಕ್ತನಾಳ ಎಡಗಡೆಯ ನರದ ಮೇಲೆ ಹಾದುಹೋಗಿ ಒತ್ತುತ್ತದೆ. ಹೆಪ್ಪು ಮೇಲೆ ಸೊಂಟದಲ್ಲಿದ್ದರೆ ಮೀನಖಂಡ ನೋಯದೆ, ತೊಡೆಸಂದಿಯೋ ಪೃಷ್ಠವೋ ಕಿಬ್ಬೊಟ್ಟೆಯೋ ನೋಯಬಹುದು. ಎರಡೂ ಪಾದ ಸಮ ಊದಿದರೆ ಹೆಚ್ಚಾಗಿ ಮಾಮೂಲಿ. ಒಂದೇ ಕಾಲು ಊದಿದರೆ ಟೇಪು ಹಿಡಿದು ಎರಡೂ ಮೀನಖಂಡ ಅಳೆಯಿರಿ. ಎರಡು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ, ವ್ಯತ್ಯಾಸ ಇಲ್ಲದೆ ನೋವಷ್ಟೇ ಇದ್ದರೂ ತೋರಿಸಿ. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದೆ ಅನುಮಾನ ಉಳಿದರೆ ಕೆಲವು ದಿನ ಬಿಟ್ಟು ಮತ್ತೆ ಮಾಡಬೇಕಾಗುತ್ತದೆ, ಅದಕ್ಕೆ ಗೊಣಗಬೇಡಿ.

ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಯಾವುದು ಬಂದರೂ "ಗ್ಯಾಸು, ಬಾಣಂತಿ ನಿಶ್ಶಕ್ತಿ" ಅನ್ನದೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದರೂ ಅಷ್ಟೇ.

ತಪ್ಪೆಲ್ಲ ಮನೆಯವರದ್ದೇ ಅಲ್ಲ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಅದೂ ಡಾಕ್ಟರ ಕೈಬರಹದಲ್ಲಿ! "ಹತ್ತು ದಿನ, ಈ ಕಾರಣಕ್ಕೆ, ಕಾಲು ಊದಿದರೆ ಬನ್ನಿ" ಅಂತ ಕನ್ನಡದಲ್ಲಿ ಮೂರು ಸಾಲು ಬರೆದುಕೊಡಲು ಎಷ್ಟು ಹೊತ್ತು ಬೇಕು? ಹಾಗೆ ಬರೆದುಕೊಟ್ಟಿದ್ದರೆ ನೀವು ಡಾಕ್ಟರನ್ನು ಬಿಟ್ಟು ಪತ್ರಿಕೆಯವನನ್ನು ಕೇಳಬೇಕಾಗಿರಲಿಲ್ಲ, ಅಲ್ವಾ?